ನಾಲ್ಕು ಮಿಲಿಮೀಟರ್ ಯಾರ ಲೆಕ್ಕ?

(ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಹೆಂಗಸರ ಎದುರು ಆಡಿದ ಮಾತು. ಕೇಳಿದ ಕೆಲವರು ಬರೆದು ಕೊಡಿ ಅಂದದ್ದಕ್ಕೆ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ.)

ನಮ್ಮ ಕಾಸರಗೋಡಿನ ಪಾಡು ನಿಮಗೆ ಗೊತ್ತು. ಸ್ಕ್ಯಾನಿಂಗ್ ರಿಪೋರ್ಟು ಇಂಗ್ಲಿಷಿನಲ್ಲಿ, ವಿವರಿಸುವವರು ಮಲಯಾಳದಲ್ಲಿ, ಕೇಳಿಸಿಕೊಳ್ಳುವವರು ಕನ್ನಡದಲ್ಲೋ ತುಳುವಿನಲ್ಲೋ. ಅರುವತ್ತು ದಾಟಿದ ಒಬ್ಬರು ಅಮ್ಮ ಒಮ್ಮೆ ನನ್ನ ಕೋಣೆಗೆ ಬಂದವರೇ ಬಾಗಿಲು ಹಾಕಿಕೊಂಡು ಅತ್ತುಬಿಟ್ಟರು. "ಈ ಪ್ರಾಯದಲ್ಲಿ ನನಗೆ ಗರ್ಭಪಾತ ಅಂತ ಹೇಳ್ತಾರೆ ಡಾಕ್ಟ್ರೇ, ಗಂಡ ಹೋಗಿ ಹನ್ನೊಂದು ವರ್ಷ ಆಯ್ತು!" ರಿಪೋರ್ಟು ನೋಡಿದೆ. ಅವರಿಗೆ ಹೇಳಿದ್ದು ‘ಗರ್ಭಪಾತ್ರಂ’. ಮಲಯಾಳದಲ್ಲಿ ಅದು ಗರ್ಭಕೋಶ. ಗರ್ಭಕೋಶದ ಒಳಪದರ ಸ್ವಲ್ಪ ದಪ್ಪ ಕಾಣುತ್ತದೆ ಎಂದು ಯಾರೋ ಪಾಪ ಸರಿಯಾಗಿಯೇ ಹೇಳಿದ್ದರು. ಇಬ್ಬರೂ ನಕ್ಕೆವು. ಆದರೆ ನಗು ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ನಗುವಂಥದ್ದಾಗಿರಲಿಲ್ಲ: "ಹಾಗಾದರೆ ಈ ಏಳು ಎಂತದು? ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಕ್ಯಾನ್ಸರ್ ಅಂತೆ, ಹೌದಾ?"

ಆ ಏಳರ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಇನ್ನೊಬ್ಬರ ಕಥೆ ಹೇಳಬೇಕು. ಗುರುತು ಸಿಗದಂತೆ ಅಲ್ಲಿಲ್ಲಿ ಬದಲಿಸಿದ್ದೇನೆ. ಹೆಸರು ಬೇಡ, ಅಕ್ಕ ಅನ್ನೋಣ.

ಅಕ್ಕನಿಗೆ 61. ಅಡಿಕೆ ತೋಟದ ಮನೆ. ಮುಟ್ಟು ನಿಂತದ್ದು 51ರಲ್ಲಿ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ, ಮೈಯೂ ಸ್ವಲ್ಪ ಭಾರ. ಒಂದು ಬೆಳಿಗ್ಗೆ ಒಳಲಂಗದಲ್ಲಿ ಕಂದು ಬಣ್ಣದ ಒಂದು ಕಲೆ, ಹತ್ತು ರೂಪಾಯಿ ನಾಣ್ಯದಷ್ಟು. ನೋವಿಲ್ಲ. ಉಷ್ಣ ಅಂದುಕೊಂಡರು. ಪುನರ್ಪುಳಿ ಶರಬತ್ತು ಕುಡಿದರು, ಎಳನೀರು ಕುಡಿದರು, ಕಲೆ ನಿಂತಿತು. ಪುನರ್ಪುಳಿಗೆ ಒಳ್ಳೆಯ ಹೆಸರು ಬಂತು. ಒಂದೂವರೆ ತಿಂಗಳು ಬಿಟ್ಟು ಮತ್ತೆ ಬಂತು, ಮತ್ತೆ ನಿಂತಿತು. ಈ ರೋಗದ ಮೋಸ ಇರುವುದೇ ಇಲ್ಲಿ. ಅದು ಹರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ನಾವು ಏನು ತಿಂದಿರುತ್ತೇವೋ ಅದೇ ಔಷಧಿ ಆಗಿಬಿಡುತ್ತದೆ.

ಅಕ್ಕ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದಾಗ ನಾಚಿಕೆ ಎನ್ನಬಹುದು ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ಮನೆಯಲ್ಲಿ ನವರಾತ್ರಿ ಪೂಜೆ ಇತ್ತು. ರಕ್ತ ಎಂದು ಬಾಯಿಬಿಟ್ಟರೆ ಹೊರಗೆ ಕೂರಬೇಕು. "ಹತ್ತು ವರ್ಷದಿಂದ ಆ ರಗಳೆ ಇರಲಿಲ್ಲ ಡಾಕ್ಟ್ರೇ, ಮತ್ತೆ ಯಾಕೆ ಎಳೆದುಕೊಳ್ಳುವುದು ಅಂತ ಸುಮ್ಮನಿದ್ದೆ." ನಾನು ಯಾರ ಆಚಾರಕ್ಕೂ ಕೈ ಹಾಕುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಇದು ಮುಟ್ಟು ಅಲ್ಲ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದೆ ಹೋದರೆ ನಾವು ಋತುಬಂಧ ಆಯಿತು ಎನ್ನುತ್ತೇವೆ. ಆಮೇಲೆ ಕಾಣುವ ರಕ್ತ ಒಂದೇ ಹನಿಯಾಗಲಿ, ಗುಲಾಬಿ ನೀರಿನಂತಿರಲಿ, ಕಂದು ಕಲೆಯಾಗಲಿ, "ಪುನಃ ಮುಟ್ಟು ಬಂದದ್ದು" ಅಲ್ಲ. ಅದು ಎಲ್ಲಿಯದೋ ಗಾಯದ, ಗಂಟಿನ, ಸವೆತದ ರಕ್ತ. ಎಲ್ಲಿಯದು ಎಂದು ಹುಡುಕಬೇಕು, ಅಷ್ಟೆ.

ಇಲ್ಲಿ ಒಬ್ಬರು ಎದ್ದು ಕೇಳಿದರು: "ಎಂಟು ತಿಂಗಳು ನಿಂತು ಮತ್ತೆ ಬಂದರೆ?" ಅದು ಮುಟ್ಟು ನಿಲ್ಲುವ ಹಾದಿಯ ಏರುಪೇರು ಇರಬಹುದು. ಆದರೆ ವಾರಗಟ್ಟಲೆ ಹೋದರೆ, ಗಡ್ಡೆ ಗಡ್ಡೆಯಾಗಿ ಹೋದರೆ ಅದನ್ನೂ ತೋರಿಸಬೇಕು. ಇವತ್ತಿನ ಮಾತು ಅದರ ಬಗ್ಗೆ ಅಲ್ಲ.

ಈಗ ಹೆದರಿಸದೆ ಲೆಕ್ಕ ಹೇಳುತ್ತೇನೆ. ಋತುಬಂಧದ ನಂತರ ರಕ್ತ ಕಂಡ ನೂರು ಹೆಂಗಸರನ್ನು ಪರೀಕ್ಷಿಸಿದರೆ ಸುಮಾರು ಒಂಬತ್ತು, ಹತ್ತು ಮಂದಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಿಗುತ್ತದೆ. ಉಳಿದ ತೊಂಬತ್ತರಲ್ಲಿ ಹೆಚ್ಚಿನವರದ್ದು ಬರೀ ಸವೆತ. ಹಾರ್ಮೋನ್ ಇಲ್ಲದೆ ಯೋನಿಯ ಚರ್ಮ, ಒಳಪದರ ತೆಳುವಾಗಿ ಕೆರೆದು ರಕ್ತ ಬರುತ್ತದೆ. ಕೆಲವರಿಗೆ ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಒಳ್ಳೆಯ ಸುದ್ದಿಯೇ. ಇದನ್ನೇ ಮಗುಚಿ ನೋಡಿ: ಒಳಪದರದ ಕ್ಯಾನ್ಸರ್ ಆದ ನೂರು ಹೆಂಗಸರಲ್ಲಿ ಸುಮಾರು ತೊಂಬತ್ತು ಮಂದಿಗೆ ಹೀಗೆ ರಕ್ತ ಕಂಡಿರುತ್ತದೆ. ಇಷ್ಟು ಪ್ರಾಮಾಣಿಕವಾಗಿ ಮುಂಚೆಯೇ ಹೇಳಿಕಳಿಸುವ ಕ್ಯಾನ್ಸರ್ ಕಡಿಮೆ. ಅಂಡಾಶಯದ್ದು ಹೀಗೆ ಹೇಳುವುದಿಲ್ಲ.

ಮತ್ತೆ ಅಕ್ಕನ ವಿಷಯ. ಮೂರನೆಯ ಸಲದ ಕಲೆಯನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೊಸೆ ನೋಡಿದಳು. ಅವಳು ಬಿಡಲಿಲ್ಲ. ಮೊದಲು ಹೋದ ಕಡೆ ಮೂತ್ರದ ಸೋಂಕು ಇರಬಹುದೆಂದು ಮಾತ್ರೆ ಕೊಟ್ಟರು. ಮೂತ್ರದ ರಕ್ತವೋ, ಮೂಲವ್ಯಾಧಿಯದ್ದೋ, ಯೋನಿಯದ್ದೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಅದಕ್ಕೊಂದು ಸರಳ ದಾರಿ: ಒಂದು ಪ್ಯಾಡ್ ಇಟ್ಟುಕೊಂಡು ನೋಡುವುದು, ಮೂತ್ರ ಮಾಡದೆ ಇದ್ದಾಗಲೂ ಅದರಲ್ಲಿ ಕಲೆ ಬಂತಾ ಎಂದು. ಅಕ್ಕನಿಗೆ ಬಂತು. ಆಮೇಲೆ ಹೊಟ್ಟೆಯ ಮೇಲಿನಿಂದ ಸ್ಕ್ಯಾನಿಂಗ್ ಆಯಿತು. ರಿಪೋರ್ಟಿನಲ್ಲಿ ಇ.ಟಿ. 6 ಮಿಲಿಮೀಟರ್, ವಿಶೇಷ ತೊಂದರೆ ಇಲ್ಲ ಎಂದಿತ್ತು. ಇ.ಟಿ. ಎಂದರೆ ಒಳಪದರದ ದಪ್ಪ, ಎಂಡೋಮೆಟ್ರಿಯಲ್ ಥಿಕ್‌ನೆಸ್.

ತೊಂದರೆ ಇಲ್ಲ ಎಂದು ಬರೆದದ್ದು ಯಾಕೆ? ಸ್ಕ್ಯಾನಿಂಗಿಗೆ ಕಳಿಸಿದ ಚೀಟಿಯಲ್ಲಿ ಇದ್ದದ್ದು "ಹೊಟ್ಟೆ ನೋವು" ಎಂದು. ರಕ್ತ ಕಂಡ ಮಾತು ಅದರಲ್ಲಿ ಇರಲೇ ಇಲ್ಲ.

ಇಲ್ಲಿ ನಿಂತು ಆ ಅಳತೆ ಹೇಗೆ ಮಾಡುತ್ತಾರೆ ನೋಡೋಣ. ಗರ್ಭಕೋಶ ಉಬ್ಬಿದ ಬಲೂನಿನಂತೆ ಖಾಲಿ ಇರುವುದಿಲ್ಲ. ಮಡಚಿಟ್ಟ ನೀರುದೋಸೆಯ ಹಾಗೆ ಮುಂದಿನ ಗೋಡೆಯ ಪದರ, ಹಿಂದಿನ ಗೋಡೆಯ ಪದರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗರ್ಭಕೋಶವನ್ನು ಉದ್ದಕ್ಕೆ ಸೀಳಿದಂತೆ ಕಾಣುವ ಚಿತ್ರದಲ್ಲಿ, ಅತ್ಯಂತ ದಪ್ಪ ಇರುವ ಕಡೆ, ಎರಡೂ ಪದರ ಸೇರಿಸಿ ಅಳೆಯುತ್ತೇವೆ. ನಡುವೆ ನೀರು ಇದ್ದರೆ ಅದನ್ನು ಬಿಟ್ಟು ಎರಡು ಪದರವನ್ನು ಬೇರೆ ಬೇರೆ ಅಳೆದು ಕೂಡಿಸಬೇಕು. ಋತುಬಂಧವಾದ ಮೇಲೆ ಇದು ಸಾಮಾನ್ಯವಾಗಿ ತೆಳುವಾದ ಒಂದು ಬಿಳಿ ಗೆರೆ. ನಾಲ್ಕು ಮಿಲಿಮೀಟರ್ ಎಂದರೆ ಒಂದು ಅಕ್ಕಿಕಾಳಿನ ಉದ್ದವೂ ಇಲ್ಲ. ಇಷ್ಟು ಸಣ್ಣ ಗೆರೆಯನ್ನು ಹೊಟ್ಟೆಯ ಚರ್ಮ, ಬೊಜ್ಜು, ಕರುಳು ಎಲ್ಲ ದಾಟಿ ದೂರದಿಂದ ಅಳೆದರೆ ತಪ್ಪುತ್ತದೆ. ಅದಕ್ಕೇ ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಬೇಕು.

ಆ ಹೆಸರು ಹೇಳಿದ ಕೂಡಲೇ ಅರ್ಧ ಮಂದಿ ಎದ್ದು ಹೋಗುತ್ತಾರೆ. ಇಲ್ಲಿಯೂ ಇಬ್ಬರು ಮುಖ ತಿರುಗಿಸಿದ್ದು ಕಂಡಿತು. ಎಂತದು ಅದು? ಎರಡು ಬೆರಳಿನಷ್ಟು ದಪ್ಪದ ಒಂದು ಕೋಲಿನಂಥ ಉಪಕರಣ. ಅದಕ್ಕೆ ಹೊಸ ಉರೆ ಹಾಕಿ, ಜೆಲ್ ಹಚ್ಚಿ, ಎರಡು ಮೂರು ಇಂಚು ಒಳಗೆ ಇಡುತ್ತಾರೆ. ಹತ್ತು ನಿಮಿಷದ ಕೆಲಸ. ಜೊತೆಗೆ ಒಬ್ಬ ಹೆಂಗಸು ಇರಬೇಕೆಂದು ನೀವು ಕೇಳಬಹುದು, ಕೇಳಿ. ನೋವಾದರೆ ನಿಲ್ಲಿಸಿ ಎಂದು ಹೇಳಿ. ಹೊಟ್ಟೆಯ ಸ್ಕ್ಯಾನಿಂಗಿಗೆ ಲೀಟರುಗಟ್ಟಲೆ ನೀರು ಕುಡಿದು ಒದ್ದಾಡುವ ಹಾಗೆ ಇದಕ್ಕೆ ಬೇಡ. ಮೂತ್ರ ಮಾಡಿಯೇ ಬರಬೇಕು. ನನ್ನ ಮಟ್ಟಿಗೆ ಇದು ಇನ್ನೊಂದಕ್ಕಿಂತ ಎಷ್ಟೋ ಸುಖ.

ಇನ್ನು ಈ ನಾಲ್ಕು ಎಲ್ಲಿಂದ ಬಂತು? ರಕ್ತ ಕಂಡ ಹೆಂಗಸರ ಒಳಪದರವನ್ನು ಹೀಗೆ ಒಳಗಿನಿಂದ ಅಳೆದು, ಜೊತೆಗೆ ಚೂರು ತೆಗೆದು ಪರೀಕ್ಷಿಸಿ, ಎರಡನ್ನೂ ಹೋಲಿಸಿ ನೋಡಿದ್ದಾರೆ. ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಸಿಕ್ಕಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದ್ದರಿಂದ ಅವರಿಗೆ ಮೊದಲ ಸಲಕ್ಕೆ ಚೂರು ತೆಗೆಯುವ ತೊಂದರೆ ಕೊಡದೆ ಕಾದು ನೋಡಬಹುದು. ನಾಲ್ಕು ಎಂಬುದು ರೋಗದ ಗಡಿ ಅಲ್ಲ, ಜರಡಿಯ ಕಣ್ಣು. ಕಣ್ಣು ಸಣ್ಣ ಮಾಡಿದರೆ ಕಲ್ಲು ಒಂದೂ ತಪ್ಪುವುದಿಲ್ಲ, ಆದರೆ ಅಕ್ಕಿಯೂ ಜರಡಿಯಲ್ಲೇ ಉಳಿಯುತ್ತದೆ. ಕೆಲವು ದೇಶಗಳಲ್ಲಿ 3 ಇಟ್ಟುಕೊಂಡರು, ಕೆಲವು ಕಡೆ 5. ಐದಾದರೆ ಕ್ಯಾನ್ಸರ್, ಮೂರಾದರೆ ಕ್ಷೇಮ ಎಂದು ಯಾರೂ ಹೇಳಿಲ್ಲ. ಮತ್ತೆ ಗಮನಿಸಿ, ಆ ಜರಡಿ ಹಿಡಿದದ್ದು ರಕ್ತ ಕಂಡವರಿಗೆ ಮಾತ್ರ.

ಈಗ ಮೊದಲಿನ ಅಮ್ಮನ ಏಳಕ್ಕೆ ಬರೋಣ. ಅವರಿಗೆ ರಕ್ತ ಕಂಡಿರಲೇ ಇಲ್ಲ. ಪಿತ್ತಕೋಶದ ಕಲ್ಲಿಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದಾಗ ಆ ಏಳು ಸುಮ್ಮನೆ ಕಣ್ಣಿಗೆ ಬಿತ್ತು. ರಕ್ತವಿಲ್ಲದವರಿಗೆ ನಾಲ್ಕರ ಲೆಕ್ಕ ಹಾಕಿದರೆ ಊರಿನ ಎಷ್ಟೋ ಆರೋಗ್ಯವಂತ ಹೆಂಗಸರು ಆಪರೇಶನ್ ಮೇಜಿಗೆ ಬರುತ್ತಾರೆ. ಅಂಥವರಿಗೆ 11 ಮಿಲಿಮೀಟರ್ ದಾಟಿದರೆ ಮುಂದಿನ ಪರೀಕ್ಷೆ ಯೋಚಿಸಬೇಕು ಎಂದು 2004ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಹನ್ನೊಂದು ದಾಟಿದ, ರಕ್ತ ಕಾಣದ ಹೆಂಗಸಿನ ಅಪಾಯ ಹೆಚ್ಚುಕಡಿಮೆ ಐದು ದಾಟಿದ, ರಕ್ತ ಕಂಡ ಹೆಂಗಸಿನ ಅಪಾಯದಷ್ಟೇ ಎಂಬುದು ಅವರ ತರ್ಕ. ಹನ್ನೊಂದೂ ಕಲ್ಲಲ್ಲಿ ಕೊರೆದ ಗೆರೆಯಲ್ಲ. ಪದರ ಒರಟಾಗಿ ಕಂಡರೆ, ಸಕ್ಕರೆ, ಬೊಜ್ಜು, ಮನೆತನದ ಕ್ಯಾನ್ಸರ್ ಇದ್ದರೆ ಕಡಿಮೆ ಸಂಖ್ಯೆಗೂ ಹುಡುಕುತ್ತೇವೆ. ಆ ಅಮ್ಮನಿಗೆ ಅದ್ಯಾವುದೂ ಇರಲಿಲ್ಲ. ರಕ್ತ ಕಂಡರೆ ಮಾತ್ರ ಓಡಿ ಬನ್ನಿ ಎಂದು ಕಳಿಸಿದೆ. "ಏಳು ಉಂಟು, ಯಾವುದಕ್ಕೂ ಗರ್ಭಕೋಶ ತೆಗೆಸಿಬಿಡಿ" ಎಂದು ಯಾರಾದರೂ ಹೇಳಿದರೆ, ಯಾವುದಕ್ಕೆ ಎಂದು ಕೇಳುವ ಹಕ್ಕು ನಿಮಗೆ ಉಂಟು.

ಏಳು ಇದ್ದವರು ಮನೆಗೆ ಹೋದರು, ಆರು ಇದ್ದ ಅಕ್ಕನಿಗೆ ಪರೀಕ್ಷೆ ಬೇಕಾಯಿತು. ವ್ಯತ್ಯಾಸ ಆ ಮೂರು ಕಲೆಗಳದ್ದು.

ಅಕ್ಕ ನನ್ನ ಹತ್ತಿರ ಬರುವಾಗ ಮೊದಲ ಕಲೆಗೆ ಏಳು ತಿಂಗಳು. ಮೊದಲು ಕಣ್ಣಿನಿಂದ ನೋಡಬೇಕು. ಉಪಕರಣ ಇಟ್ಟು ಗರ್ಭಕೋಶದ ಬಾಯಿ ನೋಡಿದೆ, ಯಾಕೆಂದರೆ ನಮ್ಮಲ್ಲಿ ಆ ಬಾಯಿಯ ಕ್ಯಾನ್ಸರ್ ಇನ್ನೂ ಬೇಕಾದಷ್ಟು ಇದೆ, ಅದೂ ಹೀಗೆಯೇ ರಕ್ತ ತೋರಿಸುತ್ತದೆ. ಬಾಯಿ ಚೆನ್ನಾಗಿತ್ತು. ಯೋನಿಯ ಗೋಡೆ ಒಣಗಿ ತೆಳುವಾಗಿ, ಅಲ್ಲಲ್ಲಿ ಕೆಂಪು ಚುಕ್ಕೆ ಇತ್ತು. ಇಲ್ಲೇ ವೈದ್ಯರೂ ಎಡವುತ್ತಾರೆ. ಕಾರಣ ಸಿಕ್ಕಿತಲ್ಲ, ಒಣಗಿದ್ದಕ್ಕೆ ರಕ್ತ ಬಂತು, ಕ್ರೀಮು ಕೊಟ್ಟು ಕಳಿಸೋಣ ಅನಿಸುತ್ತದೆ. ಆದರೆ ಆ ಪ್ರಾಯದ ಎಷ್ಟೋ ಮಂದಿಗೆ ಯೋನಿ ಒಣಗಿರುತ್ತದೆ. ಅದು ಇದೆ ಎಂದ ಮಾತ್ರಕ್ಕೆ ಮೇಲೆ ಇನ್ನೊಂದು ಇಲ್ಲ ಎಂದು ಆಗುವುದಿಲ್ಲ. ಪ್ಯಾಪ್ ಪರೀಕ್ಷೆಯೂ ಅಷ್ಟೆ. ಅಕ್ಕನ ಪ್ಯಾಪ್ ಸರಿಯಾಗಿಯೇ ಬಂತು, ಅದು ನೋಡುವುದು ಬಾಯಿಯನ್ನು, ಒಳಕೋಣೆಯನ್ನಲ್ಲ.

ಒಳಗಿನಿಂದ ಸ್ಕ್ಯಾನಿಂಗ್ ಮಾಡಿದಾಗ 14 ಮಿಲಿಮೀಟರ್. ಆರು ಅಂದದ್ದು ಹದಿನಾಲ್ಕಾಯಿತು. ಮೇಲಿನ ಎಡಮೂಲೆಯಲ್ಲಿ ಪದರ ಸಮ ಇರಲಿಲ್ಲ.

ಪದರ ಯಾಕೆ ಬೆಳೆಯುತ್ತದೆ? ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಮಾಡುವುದನ್ನು ನಿಲ್ಲಿಸಿದರೂ ಮೈಯ ಕೊಬ್ಬು ಬೇರೆ ಹಾರ್ಮೋನುಗಳನ್ನು ಬದಲಿಸಿ ಸ್ವಲ್ಪ ಸ್ವಲ್ಪ ಈಸ್ಟ್ರೋಜನ್ ಮಾಡುತ್ತಲೇ ಇರುತ್ತದೆ. ಅದನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟರಾನ್ ಮಾತ್ರ ಇಲ್ಲ. ತೋಟಕ್ಕೆ ಗೊಬ್ಬರ ಬೀಳುತ್ತಾ ಇದೆ, ಕಳೆ ಕೀಳುವವರು ಯಾರೂ ಇಲ್ಲ ಎಂದು ಲೆಕ್ಕ ಹಾಕಿ. ವರ್ಷಗಟ್ಟಲೆ ಹಾಗೆ ನಡೆದರೆ ಪದರ ಒತ್ತೊತ್ತಾಗಿ ಬೆಳೆದು, ಅದರಲ್ಲಿ ಕೆಲವು ಕೋಶಗಳು ದಾರಿ ತಪ್ಪುತ್ತವೆ. ಭಾರದ ಮೈ, ಸಕ್ಕರೆ ಕಾಯಿಲೆ ಇದ್ದವರಿಗೆ ಈ ಕ್ಯಾನ್ಸರ್ ಹೆಚ್ಚು ಎನ್ನುವುದು ಇದಕ್ಕೆ.

ಆ ದಿನವೇ ಹೊರರೋಗಿ ಕೋಣೆಯಲ್ಲಿ ಪಿಪೆಲ್ ಮಾಡಿದೆ. ಬಾಲ್‌ಪೆನ್ನಿನ ಕಡ್ಡಿಯಷ್ಟು ತೆಳುವಾದ ಪ್ಲಾಸ್ಟಿಕ್ ನಳಿಗೆಯನ್ನು ಗರ್ಭಕೋಶದ ಒಳಗೆ ತೂರಿ, ಹೀರಿ, ಪದರದ ಚೂರು ತೆಗೆಯುವುದು. ಒಂದು ನಿಮಿಷ ಮುಟ್ಟಿನ ನೋವಿನಂಥ ಹಿಂಡುವಿಕೆ ಇರುತ್ತದೆ. ವಾರದ ನಂತರ ರಿಪೋರ್ಟು ಬಂತು: ಪರೀಕ್ಷೆಗೆ ಸಾಕಷ್ಟು ಅಂಶ ಇಲ್ಲ.

ಸೊಸೆಗೆ ಖುಷಿಯೋ ಖುಷಿ. "ಏನೂ ಇಲ್ಲ ಅಂತ ಬಂತಲ್ಲ ಡಾಕ್ಟ್ರೇ!" ಇಲ್ಲ ಮಗಾ, ಏನೂ ಇಲ್ಲ ಅಂತ ಬರಲಿಲ್ಲ, ಏನೂ ಸಿಗಲಿಲ್ಲ ಅಂತ ಬಂತು. ನಳಿಗೆ ಕುರುಡು. ಗೋಡೆಯ ಒಂದು ಸಣ್ಣ ಪಾಲನ್ನು ಮಾತ್ರ ಕೆರೆದು ತರುತ್ತದೆ. ರೋಗ ಒಂದು ಮೂಲೆಯಲ್ಲಿ ಕೂತಿದ್ದರೆ ಪಕ್ಕದಲ್ಲೇ ಹಾದು ಬಂದುಬಿಡುತ್ತದೆ. ಪದರ ನಾಲ್ಕರ ಒಳಗೆ ಇದ್ದು ಹೀಗೆ ಬಂದಿದ್ದರೆ ನಾನೂ ಒಪ್ಪುತ್ತಿದ್ದೆ, ತೆಳುವಾದ ಪದರದಲ್ಲಿ ಸಿಗುವುದೇ ಅಷ್ಟು. ಹದಿನಾಲ್ಕು ಇದ್ದು ಏನೂ ಸಿಗಲಿಲ್ಲ ಎಂದರೆ ಅದನ್ನು ನಂಬಬಾರದು.

ಮುಂದಿನದು ಹಿಸ್ಟರೋಸ್ಕೋಪಿ. ಸಣ್ಣ ದುರ್ಬೀನು ಒಳಗೆ ಬಿಟ್ಟು, ನೀರು ತುಂಬಿಸಿ, ಪರದೆಯ ಮೇಲೆ ಗರ್ಭಕೋಶದ ಒಳಗೋಡೆಯನ್ನು ನೇರ ನೋಡುವುದು. ಸ್ಕ್ಯಾನಿಂಗಿನಲ್ಲಿ ಸಮ ಇಲ್ಲ ಎಂದ ಅದೇ ಎಡಮೂಲೆಯಲ್ಲಿ, ಹೂಕೋಸಿನ ತುಂಡಿನ ಹಾಗೆ ಒಂದು ಬೆಳವಣಿಗೆ ಕಂಡಿತು. ಕಣ್ಣಿನಿಂದ ನೋಡಿ ಅಲ್ಲಿಂದಲೇ ಚೂರು ತೆಗೆದೆವು. ಈ ಸಲ ರಿಪೋರ್ಟು ಸ್ಪಷ್ಟ ಇತ್ತು: ಒಳಪದರದ ಕ್ಯಾನ್ಸರ್, ಗ್ರೇಡ್ ಒಂದು. ಅಂದರೆ ನಿಧಾನ ಸ್ವಭಾವದ್ದು. ಎಂಆರ್‌ಐಯಲ್ಲಿ ಅದು ಗರ್ಭಕೋಶದ ಗೋಡೆಯ ಅರ್ಧಕ್ಕಿಂತ ಒಳಗೇ ಇದ್ದದ್ದು ಕಂಡಿತು.

ಮಂಗಳೂರಿನಲ್ಲಿ ಆಪರೇಶನ್ ಆಯಿತು. ಗರ್ಭಕೋಶ, ಎರಡೂ ಅಂಡನಾಳ, ಅಂಡಾಶಯ ತೆಗೆದರು. ರೋಗ ಗರ್ಭಕೋಶದ ಹೊರಗೆ ಕಾಲಿಟ್ಟಿರಲಿಲ್ಲ. ಕರೆಂಟು ಕೊಡುವುದು, ಅಂದರೆ ರೇಡಿಯೇಶನ್, ಬೇಕಾಗಲಿಲ್ಲ. ಈ ಹಂತದಲ್ಲಿ ಸಿಕ್ಕಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ಅಕ್ಕನ ಏಳು ತಿಂಗಳಿಗೆ ಗ್ರೇಡ್ ಒಂದು ರಿಯಾಯಿತಿ ಕೊಟ್ಟಿತು. ಗ್ರೇಡ್ ಮೂರು ಆಗಿದ್ದರೆ ಕೊಡುತ್ತಿರಲಿಲ್ಲ.

"ನನಗೆ ರಕ್ತ ಬಂದಿತ್ತು, ಮೂರೂವರೆ ಅಂತ ಬಂತು, ಏನೂ ಬೇಡ ಅಂದರು. ಅವರು ಹೇಳಿದ್ದು ಸರಿಯಾ?" ಹಿಂದಿನ ಸಾಲಿನ ಒಬ್ಬರ ಪ್ರಶ್ನೆ. ಒಂದೇ ಸಲ ಬಂದಿದ್ದರೆ, ಒಳಗಿನಿಂದ ಅಳೆದಿದ್ದರೆ, ಪದರ ಪೂರ್ತಿ ಕಂಡಿದ್ದರೆ ಸರಿ. ಮತ್ತೆ ಬಂತಾ? "ಹೋದ ತಿಂಗಳು ಬಂತು." ಹಾಗಾದರೆ ಮೂರೂವರೆಯ ಭರವಸೆ ಮುಗಿಯಿತು. ಕಡಿಮೆ ಮಂದಿಗೆ ಬರುವ, ಆದರೆ ಬಲು ಕೆಟ್ಟ ಸ್ವಭಾವದ ಒಂದು ಜಾತಿಯ ಕ್ಯಾನ್ಸರ್ ಈಸ್ಟ್ರೋಜನ್ನಿನ ಹಂಗಿಲ್ಲದೆ ಸವೆದ ತೆಳು ಪದರದಲ್ಲೇ ಹುಟ್ಟುತ್ತದೆ. ದಪ್ಪ ಅಳೆದು ಅದನ್ನು ಹಿಡಿಯಲಾಗದು. ಎರಡನೆಯ ಸಲ ರಕ್ತ ಕಂಡರೆ ಸಂಖ್ಯೆ ಎಷ್ಟೇ ಇರಲಿ, ಚೂರು ತೆಗೆದೇ ನೋಡಬೇಕು. ಫೈಬ್ರಾಯ್ಡ್ ಗಂಟಿನಿಂದಲೋ ಗರ್ಭಕೋಶ ಓರೆಯಾಗಿರುವುದರಿಂದಲೋ ಪದರ ಸರಿಯಾಗಿ ಕಾಣದಿದ್ದರೂ ಹಾಗೆಯೇ. ಕಾಣದ್ದನ್ನು ತೆಳು ಎಂದು ಬರೆಯಬಾರದು.

ಇನ್ನೊಬ್ಬರು ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರು. ಆ ಮಾತ್ರೆ ಪದರದ ಅಡಿಯಲ್ಲಿ ಸಣ್ಣ ಸಣ್ಣ ನೀರಿನ ಗುಳ್ಳೆ ಎಬ್ಬಿಸುತ್ತದೆ, ಸ್ಕ್ಯಾನಿಂಗಿಗೆ ಅದೆಲ್ಲ ದಪ್ಪವಾಗಿಯೇ ಕಾಣುತ್ತದೆ. ಅವರಿಗೆ ನಾಲ್ಕು, ಹನ್ನೊಂದು ಯಾವ ಲೆಕ್ಕವೂ ನಿಲ್ಲುವುದಿಲ್ಲ. ರಕ್ತ ಇಲ್ಲದಿದ್ದರೆ ವರ್ಷ ವರ್ಷ ಸ್ಕ್ಯಾನಿಂಗ್ ಮಾಡಿಸುವುದೂ ಬೇಡ, ಹೆದರುವುದೂ ಬೇಡ, ರಕ್ತ ಕಂಡರೆ ನೇರವಾಗಿ ಚೂರಿನ ಪರೀಕ್ಷೆಗೆ ಬನ್ನಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮಾತು ಮುಗಿಸಿ ಇಳಿಯುವಾಗ, ಆ ಮೂರೂವರೆಯವರು ರಿಪೋರ್ಟು ಹಿಡಿದು ಬಂದರು. ನೋಡಿದರೆ ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗ್. ಮುಂದಿನ ವಾರ ಬನ್ನಿ ಅಂದೆ. ಕೊನೆಯ ಮುಟ್ಟು ಯಾವ ವರ್ಷ, ರಕ್ತ ಯಾವ ಯಾವ ದಿನ, ತೆಗೆದುಕೊಳ್ಳುವ ಮಾತ್ರೆಗಳು ಯಾವುವು, ಇವಿಷ್ಟನ್ನು ಬರೆದು ತನ್ನಿ, ಸ್ಕ್ಯಾನಿಂಗ್ ಚೀಟಿಯಲ್ಲಿ "ಮುಟ್ಟು ನಿಂತ ಮೇಲೆ ರಕ್ತಸ್ರಾವ" ಎಂದು ನಾನು ಬರೆದುಕೊಡುತ್ತೇನೆ ಅಂದೆ.

"ಖಾಲಿ ಹೊಟ್ಟೆಯಲ್ಲಿ ಬರಬೇಕಾ?"

ಬೇಡ, ಉಂಡು ಬನ್ನಿ.

ಅವರು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ಆ ಚೀಟಿಯಲ್ಲಿ ಇಂಗ್ಲಿಷಿನಲ್ಲೂ ಬರೀರಿ, ಮಲಯಾಳದಲ್ಲೂ ಬರೀರಿ ಡಾಕ್ಟ್ರೇ. ನನಗೆ ಗರ್ಭಪಾತ ಮಾಡಿಸಿಬಿಟ್ಟಾರು."